ಅಕ್ಕೋರಿಗೆ ನಾನು ಕೊಟ್ಟ ಸೊನ್ನೆ

ಸಾಗರದ ಆ ಶಿಕ್ಷಣ ಕಚೇರಿಯಲ್ಲಿ ನಾನು ಗುತ್ತಿಗೆ ಮೇಲೆ ಕಂಪ್ಯೂಟರ್ ಆಪರೇಟರ್ ಆಗಿದ್ದ ಕಾಲದಲ್ಲಿ, ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕಿಗೆ ಸೇರಿಸಿ ನನ್ನಷ್ಟು ಎಕ್ಸೆಲ್ ಗೊತ್ತಿದ್ದವನು ಇನ್ನೊಬ್ಬನಿಲ್ಲ ಎಂದು ನಾನು ನಂಬಿದ್ದೆ. ಈ ನಂಬಿಕೆಗೆ ಆಧಾರವಾಗಿ ಪೇಟೆಯ ಕಂಪ್ಯೂಟರ್ ಕ್ಲಾಸಿನವರು ಕೊಟ್ಟ ಒಂದು ಸರ್ಟಿಫಿಕೇಟ್ ಇತ್ತು. ಅದರಲ್ಲಿ ನನ್ನ ಹೆಸರೇ ತಪ್ಪಾಗಿ ಅಚ್ಚಾಗಿತ್ತು, ಆ ಮಾತು ಬಿಡಿ. ಕಚೇರಿಯಲ್ಲಿ ಉಳಿದವರೆಲ್ಲ ಕಂಪ್ಯೂಟರನ್ನು ಮನೆಗೆ ಹೊಸದಾಗಿ ತಂದ ಆಕಳಿನ ಹಾಗೆ ದೂರದಿಂದ ನೋಡುತ್ತಿದ್ದರು. ಹತ್ತಿರ ಹೋಗಿ ಮೈ ಸವರುವ ಧೈರ್ಯ ನನಗೊಬ್ಬನಿಗೇ. ಹಾಗಾಗಿ ನಾನು ಗೋಪಾಲನೇ ಆಗಿಬಿಟ್ಟಿದ್ದೆ.

ಆ ವರ್ಷ ಈ ಮೂರೂ ತಾಲ್ಲೂಕಿನಲ್ಲಿ ಮಕ್ಕಳು ಕಡಿಮೆಯಾದ ಕೆಲವು ಶಾಲೆಗಳನ್ನು ಮುಚ್ಚಿ ಪಕ್ಕದ ಶಾಲೆಗೆ ಸೇರಿಸುವ ಆದೇಶ ಬಂತು. ಅಲ್ಲಿದ್ದ ಮೇಷ್ಟ್ರುಗಳು, ಟೀಚರುಗಳು ಬೇರೆ ಶಾಲೆಗೆ ಹೋಗಬೇಕು. ಯಾರು ಮೊದಲು ಶಾಲೆ ಆರಿಸಿಕೊಳ್ಳುವುದು, ಯಾರು ಕೊನೆಗೆ ಎನ್ನುವುದಕ್ಕೆ ಅಂಕಗಳ ಲೆಕ್ಕ. ಈಗಿರುವ ಶಾಲೆಯಲ್ಲಿ ಎಷ್ಟು ವರ್ಷ ಕಳೆದಿರೋ ಅಷ್ಟು. ಪೇಟೆಯ ಶಾಲೆಯಾದರೆ ವರ್ಷಕ್ಕೊಂದು ಅಂಕ, ಹಳ್ಳಿಯಾದರೆ ಒಂದೂವರೆ, ಹೊಳೆ ದಾಟಿಯೋ ಘಾಟಿ ಇಳಿದೋ ಹೋಗುವ ಶಾಲೆಯಾದರೆ ಎರಡು. ಕೌನ್ಸೆಲಿಂಗ್ ಎನ್ನುವ ದಿನ ಹೆಚ್ಚು ಅಂಕದವರು ಮೊದಲು ಬಂದು ಒಳ್ಳೆಯ ಶಾಲೆ ಹಿಡಿಯುತ್ತಾರೆ. ಕೊನೆಯಲ್ಲಿದ್ದವರಿಗೆ ಉಳಿದದ್ದು. ಆ ಸಲ ಉಳಿಯುವಂಥದ್ದು ಯಾವುದೆಂದು ಎಲ್ಲರಿಗೂ ಗೊತ್ತಿತ್ತು: ಹೊಸನಗರದಿಂದಾಚೆ, ಬಸ್ಸಿಳಿದು ಗುಡ್ಡ ಹತ್ತಿ, ಮಳೆಗಾಲದಲ್ಲಿ ಎರಡು ಕಡೆ ಮರದ ಸಂಕದ ಮೇಲೆ ಹಳ್ಳ ದಾಟಿ ಹೋಗಬೇಕಾದ ಒಂದು ಶಾಲೆ.

ಈ ಪಟ್ಟಿ ಮಾಡುವ ಕೆಲಸ ನನಗೆ ಬಂತು. ಕೈಬರಹದ ಪಟ್ಟಿ ನೋಡಿಕೊಂಡು ದಿನಾಂಕಗಳನ್ನೆಲ್ಲ ನಾನೇ ಟೈಪ್ ಮಾಡಿದೆ. ಬೇರೆಯವರಾದರೆ ಕ್ಯಾಲ್ಕುಲೇಟರ್ ಹಿಡಿದು ಒಂದು ದಿನದಲ್ಲಿ ಮುಗಿಸುತ್ತಿದ್ದರು. ನಾನು ಫಾರ್ಮುಲಾ ಬರೆಯಲು ಮೂರು ದಿನ ತೆಗೆದುಕೊಂಡೆ. ಸೇರಿದ ದಿನಾಂಕವನ್ನು ಆ ವರ್ಷದ ಜೂನ್ ಮೂವತ್ತರಿಂದ ಕಳೆ, ಬಂದ ದಿನಗಳನ್ನು ವರ್ಷ ಮಾಡು, ವರ್ಷದ ಚೂರುಗಳನ್ನು ಬಿಸಾಡು, ಶಾಲೆ ಯಾವ ತರದ್ದೆಂದು ನೋಡು, ಹೊಳೆಯಾಚೆಯದಾದರೆ ಎರಡರಿಂದ ಗುಣಿಸು, ಅಲ್ಲವಾದರೆ ಹಳ್ಳಿಯದೋ ನೋಡು, ಅದೂ ಅಲ್ಲವಾದರೆ ಪೇಟೆಯದು. ಇದಿಷ್ಟನ್ನೂ ಒಂದರೊಳಗೊಂದು ಆವರಣ ಹಾಕಿ, ಸೆಲ್ ಎನ್ನುವ ಒಂದೇ ಮನೆಯೊಳಗೆ ತುರುಕಿದ್ದೆ. ಇಫ್‌ನೊಳಗೆ ಇಫ್, ಅದರೊಳಗೆ ಇನ್ನೊಂದು ಇಫ್. ಬರೆದು ಮುಗಿಸಿದ ಮೇಲೆ ಅದು ಹೇಗೆ ಕೆಲಸ ಮಾಡುತ್ತದೆಂದು ನನಗೇ ಅರ್ಥವಾಗುತ್ತಿರಲಿಲ್ಲ. ಅದನ್ನೇ ನಾನು ಪಾಂಡಿತ್ಯ ಎಂದುಕೊಂಡಿದ್ದೆ.

ಮೊದಲ ಸಲ ಓಡಿಸಿದಾಗ ಪಟ್ಟಿಯಲ್ಲಿ ಒಂದೆರಡು ಕಡೆ ಅಂಕದ ಬದಲು #VALUE! ಎಂದು ಬಂತು. ಬೆನ್ನ ಹಿಂದೆ ನಿಂತಿದ್ದ ನಮ್ಮ ಸೂಪರಿಂಟೆಂಡೆಂಟರು ಕನ್ನಡಕ ಮೇಲೆತ್ತಿ ನೋಡಿದರು. ನಿವೃತ್ತಿಗೆ ಹತ್ತಿರವಾಗಿದ್ದ, ಬೈಗುಳಕ್ಕೆ ಬರಗಾಲವಿಲ್ಲದ ಮನುಷ್ಯ.

"ಇದೆಂತದಾ ಜಾಲರಿ ಗುರ್ತು?"

"ಎಂತದೋ ಸಣ್ಣ ಎರರ್ ಸಾರ್."

"ಸಾಹೇಬ್ರ ಎದ್ರು ಈ ಪಟ್ಟಿ ಇಡೋಕಾಗ್ತದಾ? ಹಲ್ಲು ಉದ್ರಿದ ಬಾಯಿ ತರ ಕಾಣ್ತದೆ. ಸರಿ ಮಾಡು."

ನಾನು ಸರಿ ಮಾಡಿದೆ. ಹೇಗೆಂದರೆ, ಅದು ಯಾಕೆ ಬಂತು ಎಂದು ನೋಡಲಿಲ್ಲ. ಇಡೀ ಫಾರ್ಮುಲಾದ ಮೇಲೆ ಇನ್ನೊಂದು ಇಫ್ ಹೊದಿಸಿ, ಎರರ್ ಬಂದರೆ ಸೊನ್ನೆ ತೋರಿಸು ಎಂದು ಬರೆದೆ. ಜಾಲರಿ ಗುರುತುಗಳು ಮಾಯವಾದವು. ಪಟ್ಟಿ ಹಾಲಿನಷ್ಟು ಸ್ವಚ್ಛವಾಯಿತು. ಎಲ್ಲ ಕಾಲಮ್ಮುಗಳನ್ನೂ ಚಂದ ಕಾಣಲೆಂದು ನಡುವಿಗೆ ಎಳೆದು, ತಲೆಬರಹಕ್ಕೆ ಗಿಳಿ ಹಸಿರು ಬಣ್ಣ ಹಾಕಿ, ಅಂಕದ ಪ್ರಕಾರ ಜೋಡಿಸಿ, ಪ್ರಿಂಟ್ ತೆಗೆದು ನೋಟಿಸ್ ಬೋರ್ಡಿಗೆ ಅಂಟಿಸಿದೆವು. ಆಕ್ಷೇಪಣೆ ಇದ್ದವರು ಶುಕ್ರವಾರ ಸಂಜೆ ಐದರೊಳಗೆ ಬಂದು ಹೇಳಬೇಕು ಎಂದು ಕೆಳಗೆ ಸಾಲು. ಸೂಪರಿಂಟೆಂಡೆಂಟರು ನನ್ನ ಬೆನ್ನು ತಟ್ಟಿದರು. ಅದೇ ಕೈ ಎರಡು ದಿನದಲ್ಲಿ ಬೇರೆ ಕಡೆ ತಟ್ಟಲಿಕ್ಕೆ ನೋಡಿತು.

ಶುಕ್ರವಾರ ಮಧ್ಯಾಹ್ನ ಊಟ ಮುಗಿಸಿ ಬಂದಾಗ ನನ್ನ ಮೇಜಿನ ಎದುರಿನ ಕುರ್ಚಿಯಲ್ಲಿ ಒಬ್ಬ ಹೆಂಗಸು ಕೂತಿದ್ದರು. ಮೊಣಕಾಲಿನ ಮೇಲೆ ಕೈಯಿಟ್ಟು, ಕೊಡೆ ಮಡಿಲಲ್ಲಿ ಅಡ್ಡ ಇಟ್ಟುಕೊಂಡು. ಕೂದಲು ಬೆಳ್ಳಗಾಗಿತ್ತು. ಆದರೆ ಆ ಕೂತಿದ್ದ ಠೀವಿ ನೋಡಿದ ಕೂಡಲೇ ನನ್ನ ಬೆನ್ನು ತಾನಾಗಿಯೇ ನೆಟ್ಟಗಾಯಿತು. ಬ್ಯಾಕೋಡಿನ ಕಡೆ ನಾನು ನಾಲ್ಕನೇ ಕ್ಲಾಸು ಓದಿದಾಗ ನನಗೆ ಕಲಿಸಿದ ಅಕ್ಕೋರು.

ಆ ಎಂಬತ್ತರ ದಶಕದಲ್ಲಿ ಅಕ್ಕೋರು ನಮ್ಮ ಶಾಲೆಗೆ ಹೊಸದಾಗಿ ಬಂದಿದ್ದರು. ಲಾಂಚಿನಲ್ಲಿ ಹಿನ್ನೀರು ದಾಟಿ, ಬಸ್ಸಿಳಿದು ಏರು ಹತ್ತಿ ಬರುತ್ತಿದ್ದರು. ನಮಗೆ ಲೆಕ್ಕ ಹೇಳಿಕೊಡುವಾಗ ಅವರಿಗೆ ಉತ್ತರದ ಮೇಲೆ ಏನೂ ಪ್ರೀತಿ ಇರಲಿಲ್ಲ. ಹಂತಗಳ ಮೇಲೆ ಪ್ರಾಣ. ಎಲ್ಲಕ್ಕಿಂತ ಒಳಗಿನ ಆವರಣ ಮೊದಲು, ಅದನ್ನು ಬಿಡಿಸಿ ಕೆಳಗಿನ ಸಾಲಿನಲ್ಲಿ ಉಳಿದದ್ದನ್ನೆಲ್ಲ ಹಾಗೇ ಬರೆಯಬೇಕು, ಆಮೇಲೆ ಅದರ ಹೊರಗಿನದು. ಒಂದು ಸಲಕ್ಕೆ ಒಂದೇ ಕೆಲಸ. ಒಂದು ಪರೀಕ್ಷೆಯಲ್ಲಿ ನಾನು ಪಕ್ಕದವಳ ಪಾಟಿ ನೋಡಿ ಉತ್ತರ ಮಾತ್ರ ಬರೆದೆ. ಉತ್ತರ ಸರಿ ಇತ್ತು. ಅಕ್ಕೋರು ಸೊನ್ನೆ ಹಾಕಿದರು. ನಾನು ಎದ್ದು ನಿಂತು, "ಉತ್ರ ಸರಿ ಇದ್ದಲ್ಲ ಅಕ್ಕೋರೇ" ಎಂದೆ. "ನೀ ಎಲ್ಲಿಂದ ಇಲ್ಲಿಗೆ ಬಂದೆ ಅಂತ ಗೊತ್ತಾಗ್ಲಿಲ್ಲ ಮಾರಾಯ, ಆಕಾಶದಿಂದ ಉದ್ರಿದ್ಯಾ?" ಎಂದರು. ಕ್ಲಾಸು ನಕ್ಕಿದ್ದಕ್ಕೆ ನಾನು ಎರಡು ದಿನ ಮುಖ ಊದಿಸಿಕೊಂಡಿದ್ದೆ. ಮೂರನೇ ದಿನ ಅವರೇ ಒಂದು ಪೇರಲೆ ಹಣ್ಣು ಕೊಟ್ಟು ಆ ಊತ ಇಳಿಸಿದರು.

"ಅಕ್ಕೋರೇ, ನಮಸ್ಕಾರ! ಗುರ್ತು ಸಿಕ್ತಾ?"

"ಸಿಗದೆ ಎಂತ. ಆ ಕಿವಿ ಹಂಗೇ ಇದೆ." ನನ್ನ ಕಿವಿ ದೊಡ್ಡದು. "ನೀನೇನಾ ಈ ಪಟ್ಟಿ ಮಾಡಿದ್ದು?"

ಹೆಮ್ಮೆಯಿಂದ ಹೌದೆಂದೆ. ಬಣ್ಣ ಹಚ್ಚಿದ್ದೂ ನಾನೇ ಎಂದು ಸೇರಿಸಿದೆ.

"ಚಂದ ಇದೆ. ನನ್ನ ಹೆಸ್ರು ಎಲ್ಲಿದೆ ನೋಡಿದ್ಯಾ?"

ನೋಡಿರಲಿಲ್ಲ. ಹೆಸರುಗಳನ್ನು ಓದುವಷ್ಟು ಸಣ್ಣ ಮನುಷ್ಯನಾಗಿರಲಿಲ್ಲ ನಾನು. ತೆರೆಯ ಮೇಲೆ ಕೆಳಗೆ ಕೆಳಗೆ ಹೋದೆ. ಕಟ್ಟಕಡೆಯ ಮೂರು ಸಾಲು ಸೊನ್ನೆಗಳು. ಅದರಲ್ಲೂ ಕೊನೆಯದು ಅಕ್ಕೋರು.

"ಸೊನ್ನೆ ಕೊಟ್ಟಿದ್ಯಲ್ಲೋ" ಎಂದರು ಅಕ್ಕೋರು. ಸಿಟ್ಟಿಲ್ಲ, ಆಶ್ಚರ್ಯ ಮಾತ್ರ. "ಇಪ್ಪತ್ತೆರಡು ವರ್ಷ ಒಂದೇ ಶಾಲೆ. ಮೊಳಕಾಲು ಸವೆಸಿದ್ದು ಅಲ್ಲೇ. ಈಗ ಡಾಕ್ಟ್ರು ಏರು ಹತ್ತಬೇಡಿ ಅಂದ್ರು. ಪಟ್ಟಿ ಪ್ರಕಾರ ಹೋದ್ರೆ ನಂಗೆ ಆ ಹೊಸನಗರದ ಆಚಿನ ಗುಡ್ಡನೇ. ಸಂಕದ ಮೇಲೆ ಈ ಕಾಲಿಟ್ಕೊಂಡು ಹೆಂಗೆ ಹೋಗ್ಲಿ ಹೇಳು?"

ಇಲ್ಲಿ ನಾನು ಮಾಡಿದ ಕೆಲಸವನ್ನು ಹೇಳಲು ನಾಚಿಕೆಯಾಗುತ್ತದೆ. ಆದರೂ ಹೇಳುತ್ತೇನೆ. ನಾನು ಕುರ್ಚಿಗೆ ಒರಗಿ, ಡಾಕ್ಟರು ರೋಗಿಗೆ ಹೇಳುವ ದನಿಯಲ್ಲಿ, "ಅಕ್ಕೋರೇ, ಕಂಪ್ಯೂಟರ್ ತಪ್ಪು ಮಾಡೂದಿಲ್ಲ. ಫಾರ್ಮುಲಾ ಹಾಕಿದ್ದು ಎಲ್ರಿಗೂ ಒಂದೇ. ನಿಮ್ಮ ರೆಕಾರ್ಡಲ್ಲೇ ಎಂತಾರೂ ಇರ್ಬೇಕು" ಎಂದೆ.

ಅಕ್ಕೋರು ಕುರ್ಚಿಯನ್ನು ಎಳೆದುಕೊಂಡು ನನ್ನ ಪಕ್ಕಕ್ಕೇ ಬಂದರು. ಕೊಡೆಯ ತುದಿಯಿಂದ ತೆರೆಯನ್ನು ಮುಟ್ಟಿ, "ಆತು. ಹಂತ ತೋರ್ಸು" ಎಂದರು.

"ಹಂತ ಇಲ್ಲ ಅಕ್ಕೋರೇ, ಅದು ಒಂದೇ ಏಟಿಗೆ ಉತ್ರ ಕೊಡ್ತದೆ."

"ಹಂಗಾರೆ ಅದಕ್ಕೂ ಸೊನ್ನೆ."

ಪಕ್ಕದ ಮೇಜಿನ ಸೂಪರಿಂಟೆಂಡೆಂಟರು ಕೆಮ್ಮಿದರು. ನಗುವನ್ನು ಅವರು ಯಾವಾಗಲೂ ಕೆಮ್ಮಿನಲ್ಲಿ ಸುತ್ತಿ ಹೊರಗೆ ಹಾಕುತ್ತಿದ್ದರು.

ಮೊದಲು ಫಾರ್ಮುಲಾವನ್ನು ಬಾಯಿಯಲ್ಲೇ ವಿವರಿಸಲು ಹೊರಟೆ. ಮೂರನೇ ಆವರಣದಲ್ಲಿ ದಾರಿ ತಪ್ಪಿದೆ. ಎರಡನೇ ಸಲ ಶುರು ಮಾಡಿದೆ, ಐದನೇ ಆವರಣದಲ್ಲಿ ತಪ್ಪಿದೆ. ಅಕ್ಕೋರು ಏನೂ ಹೇಳದೆ ಕಾಯುತ್ತಿದ್ದರು. ಹಾಗೆ ಕಾಯುವುದು ಅವರ ಹಳೆಯ ಶಿಕ್ಷೆ. ಮಾತಾಡದೆ ಕಾದರೆ ಎಂಥವನೂ ನಿಜ ಒಪ್ಪಿಕೊಳ್ಳುತ್ತಾನೆ. ಆಗ ನೆನಪಾಯಿತು. ಒಮ್ಮೆ ಟೂಲ್ಸ್ ಮೆನುವಿನಲ್ಲಿ ಬೇರೇನೋ ಹುಡುಕುವಾಗ, ಫಾರ್ಮುಲಾ ಆಡಿಟಿಂಗ್ ಎನ್ನುವುದರ ಒಳಗೆ ಇವ್ಯಾಲ್ಯುಯೇಟ್ ಫಾರ್ಮುಲಾ ಎಂದೊಂದು ಕಂಡಿತ್ತು. ನನ್ನಂಥ ಪಂಡಿತರಿಗೆ ಬೇಡದ್ದು ಎಂದು ಮುಚ್ಚಿದ್ದೆ. ಈಗ ಅಕ್ಕೋರ ಅಂಕದ ಮನೆಯ ಮೇಲೆ ಕ್ಲಿಕ್ ಮಾಡಿ, ಅದನ್ನು ತೆರೆದೆ.

ಒಂದು ಪುಟ್ಟ ಕಿಟಕಿ ಬಂತು. ಅದರ ಬಿಳಿ ಜಾಗದಲ್ಲಿ ನನ್ನ ಇಡೀ ಫಾರ್ಮುಲಾ. ಅದರಲ್ಲಿ ಒಂದೇ ಒಂದು ಚೂರಿನ ಕೆಳಗೆ ಗೆರೆ. ಕೆಳಗೆ ಇವ್ಯಾಲ್ಯುಯೇಟ್ ಎನ್ನುವ ಬಟನ್.

"ಗೆರೆ ಎಂತಕ್ಕೆ?" ಅಕ್ಕೋರು.

"ಈಗ ಬಿಡಿಸೋದು ಅದ್ನೇ ಅಂತ. ಒತ್ತಿದ್ರೆ ಅಷ್ಟೇ ಬಿಡಿಸ್ತದೆ. ಉಳಿದದ್ದು ಹಂಗೇ ಇರ್ತದೆ."

ಅಕ್ಕೋರ ಮುಖ ಅರಳಿತು. "ಎಲಾ ಇದ್ರ! ಇದು ನನ್ನ ಕೈಲಿ ಓದಿದ್ದಾ ಹೆಂಗೆ?"

ಮೊದಲ ಗೆರೆ ಇದ್ದದ್ದು ಜೂನ್ ಮೂವತ್ತರ ದಿನಾಂಕ ಇಟ್ಟ ಮನೆಯ ಹೆಸರಿನ ಕೆಳಗೆ. ಒತ್ತಿದೆ. ಆ ಹೆಸರು ಹೋಗಿ 38898 ಎಂಬ ಸಂಖ್ಯೆ ಓರೆ ಅಕ್ಷರದಲ್ಲಿ ಬಂತು. "ಇದೆಂತ ಫೋನ್ ನಂಬ್ರಾ?" ಎಂದರು. ಕಂಪ್ಯೂಟರ್ ದಿನಾಂಕವನ್ನು ದಿನಾಂಕವಾಗಿ ಇಟ್ಟುಕೊಳ್ಳುವುದಿಲ್ಲ, ಸಾವಿರದ ಒಂಬೈನೂರನೇ ಇಸವಿಯ ಮೊದಲ ದಿನದಿಂದ ಎಣಿಸಿದ ದಿನಗಳಾಗಿ ಇಟ್ಟುಕೊಳ್ಳುತ್ತದೆ, ಅದಕ್ಕೇ ಒಂದರಲ್ಲಿ ಇನ್ನೊಂದು ಕಳೆಯಲು ಬರುತ್ತದೆ ಎಂದು ವಿವರಿಸಿದೆ. ಇಷ್ಟು ಮಾತ್ರ ನನಗೆ ನಿಜವಾಗಿ ಗೊತ್ತಿತ್ತು. ಅಕ್ಕೋರು ತಲೆಯಾಡಿಸಿದರು. ಗೆರೆ ಪಕ್ಕಕ್ಕೆ ಸರಿದು, ಅಕ್ಕೋರು ಶಾಲೆಗೆ ಸೇರಿದ ದಿನಾಂಕದ ಮನೆಯ ಕೆಳಗೆ ನಿಂತಿತು.

"ಈಗ ಇದೂ ಅಂಥದ್ದೇ ಸಂಖ್ಯೆ ಆಗ್ಬೇಕು, ಅಲ್ದಾ?"

"ಹೌದು ಅಕ್ಕೋರೇ. ಮೂವತ್ತು ಸಾವ್ರದ ಹತ್ರ ಎಂತದೋ."

ಒತ್ತಿದೆ. ಸಂಖ್ಯೆ ಬರಲಿಲ್ಲ. ಎರಡು ಕಡೆ ಉದ್ಧರಣ ಚಿಹ್ನೆ ಹಾಕಿಕೊಂಡು "31-06-1984" ಎಂದು ಬಂತು. ಯಾರೋ ಆಡಿದ ಮಾತನ್ನು ಬರೆದ ಹಾಗೆ. ಕಂಪ್ಯೂಟರ್ ಅದನ್ನು ದಿನವೆಂದು ಒಪ್ಪಿರಲಿಲ್ಲ, ಬರೀ ಅಕ್ಷರವೆಂದು ಬದಿಗಿಟ್ಟಿತ್ತು.

ನನಗೆ ಇನ್ನೂ ಹೊಳೆದಿರಲಿಲ್ಲ. ಉದ್ಧರಣ ಚಿಹ್ನೆ ಯಾಕೆ ಎಂದು ತಲೆ ಕೆರೆದುಕೊಳ್ಳುತ್ತಿದ್ದೆ. ಅಕ್ಕೋರು ಎಡಗೈ ಮುಷ್ಟಿ ಕಟ್ಟಿ ನನ್ನ ಮೂಗಿನೆದುರು ಹಿಡಿದರು. ಬಲಗೈ ಬೆರಳಿನಿಂದ ಗೆಣ್ಣು, ಗುಳಿ, ಗೆಣ್ಣು, ಗುಳಿ ಎಂದು ಮುಟ್ಟುತ್ತ ಹೋದರು.

"ಜನವರಿ, ಫೆಬ್ರವರಿ, ಮಾರ್ಚ್, ಏಪ್ರಿಲ್, ಮೇ... ಜೂನ್ ಎಲ್ಲಿ ಬಂತು?"

"ಗುಳೀಲಿ."

"ಗುಳೀಲಿ ಬಿದ್ದಿದ್ಕೆ ಎಷ್ಟು ದಿನ?"

"ಮೂವತ್ತು ಅಕ್ಕೋರೇ."

"ಮತ್ತೆ ನಾ ಮೂವತ್ತೊಂದನೇ ತಾರೀಕು ಯಾವ ಜೂನಲ್ಲಿ ಸೇರಿದ್ದು? ಸೇವಾ ಪುಸ್ತಕದಲ್ಲಿ ಹದಿಮೂರು ಅಂತಿದೆ. ನಂಗೆ ನೆನಪಿಲ್ವಾ, ಅವತ್ತು ಲಾಂಚ್ ಕೆಟ್ಟು ನಾಡದೋಣೀಲಿ ಹೋಗಿದ್ದು."

ಆದರೂ ನಾನು ಕೊನೆಯ ಆಸೆ ಬಿಡಲಿಲ್ಲ. ತಪ್ಪು ಬೇರೆ ಯಾವುದಾದರೂ ಲೆಕ್ಕದಿಂದ ಹರಿದು ಬಂದಿರಬಹುದಲ್ಲ? ಕಿಟಕಿ ಮುಚ್ಚಿ ಮತ್ತೆ ತೆರೆದು, ಗೆರೆ ಆ ದಿನಾಂಕದ ಮನೆಗೆ ಬಂದಾಗ ಪಕ್ಕದ ಸ್ಟೆಪ್ ಇನ್ ಬಟನ್ ಒತ್ತಿದೆ. ಅದು ಆ ಮನೆಯ ಒಳಗೇನಿದೆ ಎಂದು ಕೆಳಗೆ ಇನ್ನೊಂದು ಪೆಟ್ಟಿಗೆ ಬಿಡಿಸಿ ತೋರಿಸಿತು. ಈ ಮನೆಯಲ್ಲಿರುವುದು ಸೂತ್ರವಲ್ಲ, ಸ್ಥಿರ ಬೆಲೆ ಎನ್ನುವ ಅರ್ಥದ ಒಂದು ಸಾಲನ್ನು ಇಂಗ್ಲಿಷಿನಲ್ಲಿ ಹಾಕಿತು. ಅಂದರೆ, ಇದನ್ನು ಯಾರೋ ಕೈಯಾರೆ ಬರೆದಿದ್ದಾರೆ. ಆ ಯಾರೋ ಯಾರೆಂದು ಆ ಕೋಣೆಯಲ್ಲಿ ಮೂರೂ ಜನರಿಗೆ ಗೊತ್ತಿತ್ತು. ಸ್ಟೆಪ್ ಔಟ್ ಒತ್ತಿ ಹೊರಗೆ ಬಂದೆ. ನೆಲದೊಳಗೆ ಹೋಗುವ ಬಟನ್ ಇದ್ದರೆ ಅದನ್ನೇ ಒತ್ತುತ್ತಿದ್ದೆ.

"ಬೀರು ತೆಗಿರಿ ಸಾರ್" ಎಂದು ಸೂಪರಿಂಟೆಂಡೆಂಟರಿಗೆ ಹೇಳಿದೆ. ಅವರು ಅಕ್ಕೋರ ಸೇವಾ ಪುಸ್ತಕ ತೆಗೆದು, ಧೂಳು ಹೊಡೆದು, ಪುಟ ತಿರುಗಿಸಿದರು. 13-06-1984. ಹದಿಮೂರನ್ನು ನಾನು ತಿರುಗಿಸಿ ಮೂವತ್ತೊಂದು ಮಾಡಿದ್ದೆ.

"ಮುಂದೆ ಒತ್ತು" ಎಂದರು ಅಕ್ಕೋರು. "ಸೊನ್ನೆ ಹೆಂಗೆ ಬಂತು ಅಂತ ಪೂರ್ತಿ ನೋಡ್ಬೇಕು."

"ಗೊತ್ತಾತಲ್ಲ ಅಕ್ಕೋರೇ, ತಪ್ಪು ನಂದೇ."

"ತಪ್ಪು ಸಿಕ್ಕಿದ್ದು ಬೇರೆ. ಅದು ಹೆಂಗೆ ಅಡಗಿ ಕೂತಿತ್ತು ಅನ್ನೋದು ಬೇರೆ. ಒತ್ತು."

ಒತ್ತಿದೆ. ಸಂಖ್ಯೆಯಲ್ಲಿ ಅಕ್ಷರ ಕಳೆಯಲು ಹೋಗಿ #VALUE! ಬಂತು. ಅದನ್ನು ವರ್ಷ ಮಾಡಲು ಭಾಗಿಸಿದರೆ ಮತ್ತೆ ಅದೇ. ಚೂರು ಬಿಸಾಡಿದರೂ ಅದೇ. ಒಂದೊಂದು ಒತ್ತಿಗೂ ಆ ಜಾಲರಿ ಗುರುತು ಒಂದೊಂದು ಆವರಣ ದಾಟಿ ಹೊರಗೆ ಬರುತ್ತಿತ್ತು, ನನ್ನನ್ನು ನೋಡಿ, ನನ್ನನ್ನು ನೋಡಿ ಎಂದು. ಆಮೇಲೆ ನಾನು ಹೊದಿಸಿದ ಪ್ರಶ್ನೆ: ಇದು ಎರರಾ? TRUE. ಹೌದು ಎಂದಮೇಲೆ ಮುಂದಿನ ಒತ್ತಿಗೆ ಇಡೀ ಸಾಲು ಕುಸಿದು ಒಂದು ಸೊನ್ನೆ ಉಳಿಯಿತು. ಹೊಳೆಯಾಚೆಯ ಶಾಲೆಗೆ ಎರಡರಿಂದ ಗುಣಿಸು ಎಂದು ನಾನು ಅಷ್ಟು ಕಷ್ಟಪಟ್ಟು ಬರೆದ ಭಾಗವಿತ್ತಲ್ಲ, ಲೆಕ್ಕ ಆ ಕಡೆ ಕಾಲೇ ಇಡಲಿಲ್ಲ. ಬಟನ್ನಿನ ಹೆಸರು ರೀಸ್ಟಾರ್ಟ್ ಎಂದು ಬದಲಾಯಿತು.

"ಅಂದ್ರೆ" ಅಕ್ಕೋರು ನಿಧಾನಕ್ಕೆ ಹೇಳಿದರು, "ಅದು ಪಾಪ ಕೂಗಿ ಕೂಗಿ ಹೇಳ್ತಾ ಇತ್ತು, ಇಲ್ಲಿ ತಪ್ಪಿದೆ ಅಂತ. ನೀ ಅದ್ರ ಬಾಯಿಗೆ ಬಟ್ಟೆ ತುರುಕಿ ಸೊನ್ನೆ ಅನ್ನಿಸ್ದೆ."

"ಚಂದ ಕಾಣ್ಲಿ ಅಂತ ಅಕ್ಕೋರೇ. ಸಾರ್ ಹೇಳಿದ್ರು."

"ಏಯ್, ನಂಗ್ಯಾಕ್ ಸುತ್ತು ಹಾಕ್ತೀಯಾ!" ಎಂದು ಸೂಪರಿಂಟೆಂಡೆಂಟರು ಎದ್ದೇಬಿಟ್ಟರು. "ಸರಿ ಮಾಡು ಅಂದಿದ್ನಾ, ಮುಚ್ಚಿ ಹಾಕು ಅಂದಿದ್ನಾ?"

ದಿನಾಂಕ ತಿದ್ದಿದೆ. ಮತ್ತೆ ಇವ್ಯಾಲ್ಯುಯೇಟ್. ಈ ಸಲ ಅಕ್ಕೋರೇ ಮೌಸ್ ಹಿಡಿದರು. ಪ್ರತಿ ಒತ್ತಿಗೂ ಬಾಯಿಯಲ್ಲಿ ಹೇಳುತ್ತ, ನನ್ನ ಕೈಯಲ್ಲೂ ಹೇಳಿಸುತ್ತ. 38898. 30846. ಒಂದರಲ್ಲಿ ಒಂದು ಕಳೆದರೆ 8052 ದಿನ. ಈ ಸಂಖ್ಯೆ ಬಂದಾಗ ಅವರ ಬೆರಳು ನಿಂತಿತು. "ಇಷ್ಟು ದಿನಾನಾ?" ಎಂದು ತಮಗೇ ಹೇಳಿಕೊಂಡರು. ಮೌಸಿನಿಂದ ಕೈ ತೆಗೆದು ಮೊಣಕಾಲು ಒಮ್ಮೆ ನೀವಿಕೊಂಡರು. ಆಮೇಲೆ ಮತ್ತೆ ಒತ್ತಿದರು. ಇಪ್ಪತ್ತೆರಡು ಚಿಲ್ಲರೆ ವರ್ಷ, ಚಿಲ್ಲರೆ ಹೋಗಿ ಇಪ್ಪತ್ತೆರಡು. ಎರರಾ? FALSE. ಹೊಳೆಯಾಚೆಯ ಶಾಲೆಯಾ? TRUE. ಎರಡರಿಂದ ಗುಣಿಸಿ ನಲವತ್ತನಾಲ್ಕು.

ಪಟ್ಟಿಯನ್ನು ಮತ್ತೆ ಜೋಡಿಸಿದೆ. ಕಟ್ಟಕಡೆಯಲ್ಲಿದ್ದ ಅಕ್ಕೋರು ಎಲ್ಲರನ್ನೂ ಹಾರಿ ಮೇಲೆ ಬಂದು ಮೊದಲ ಸಾಲಿನಲ್ಲಿ ಕೂತರು. ಖಾಲಿ ಇದ್ದ ಜಾಗಗಳಲ್ಲಿ ಸಾಗರ ಪೇಟೆಯೊಳಗಿನ ಶಾಲೆ ಒಂದೇ ಒಂದು. ಅವರ ಮನೆಯಿಂದ ಎರಡು ಬೀದಿ. ಮೊದಲ ಸಾಲಿನವರಿಗೆ ಅದು ಸಿಕ್ಕಿದ ಹಾಗೆಯೇ. ನಾನು ಕುರ್ಚಿಯಿಂದ ಎದ್ದು ಕುಣಿಯುವುದೊಂದು ಬಾಕಿ.

"ನಡೀರಿ ಅಕ್ಕೋರೇ, ಟೀ ಕುಡ್ಯೋಣ. ನಾ ಕೊಡ್ಸ್ತೀನಿ."

ಅಕ್ಕೋರು ಏಳಲಿಲ್ಲ. ತೆರೆಯ ಕೆಳಗಿನ ತುದಿಯನ್ನು ನೋಡುತ್ತಿದ್ದರು. "ಇನ್ನೂ ಎರಡು ಸೊನ್ನೆ ಇದ್ದಲ್ಲ."

ಗಂಟೆ ನಾಲ್ಕು ದಾಟಿತ್ತು. "ಅವ್ರು ಯಾರೂ ಆಕ್ಷೇಪಣೆ ತಂದಿಲ್ಲ ಅಕ್ಕೋರೇ. ಬಿಡಿ. ಐದಕ್ಕೆ ಮುಗೀತು."

"ನಾ ಬಂದು ಕೇಳ್ದೆ, ನಂದು ಸರಿ ಆತು. ಅವ್ರು ದೂರ ಇದ್ದಾರೆ, ಪಟ್ಟಿ ನೋಡಿದಾರೋ ಇಲ್ವೋ. ಒತ್ತು."

ಮೊದಲನೆಯದು ಹೊಸನಗರದ ಕಡೆಯ ಒಬ್ಬ ಟೀಚರ್. ಒಂದೊಂದೇ ಒತ್ತುತ್ತ ಹೋದೆವು. ದಿನಾಂಕ ಸರಿಯಾಗಿ ಸಂಖ್ಯೆಯಾಯಿತು, ಕಳೆಯಿತು, ಭಾಗಿಸಿತು. ಬಂದದ್ದು ಸೊನ್ನೆ ಚಿಲ್ಲರೆ. ಅವರು ಆ ಶಾಲೆಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಎರರಾ ಎಂದರೆ FALSE. ಇದು ಪ್ರಾಮಾಣಿಕವಾದ ಸೊನ್ನೆ. ಎರಡು ಸೊನ್ನೆಗಳು ನೋಡಲು ಒಂದೇ ತರ ಇದ್ದರೂ ಅವು ಬಂದ ದಾರಿ ಬೇರೆ ಎಂದು ನನಗೆ ಅವತ್ತೇ ಗೊತ್ತಾದದ್ದು.

ಎರಡನೆಯದು ತೀರ್ಥಹಳ್ಳಿಯ ಕಡೆ ಘಾಟಿಯ ಕೆಳಗಿನ ಶಾಲೆಯ ಒಬ್ಬ ಮೇಷ್ಟ್ರು. ದಿನಾಂಕದ ಮೇಲೆ ಒತ್ತಿದ ಕೂಡಲೇ ಮತ್ತೆ ಉದ್ಧರಣ ಚಿಹ್ನೆ. "5.8.1982". ಎಲ್ಲ ಕಡೆ ಅಡ್ಡಗೆರೆ ಹಾಕಿದವನು ಇಲ್ಲಿ, ಕೈಬರಹದ ಪಟ್ಟಿಯಲ್ಲಿ ಇದ್ದಂತೆಯೇ, ಚುಕ್ಕೆ ಇಟ್ಟಿದ್ದೆ. ಚುಕ್ಕೆಯಿಟ್ಟ ದಿನಾಂಕವನ್ನು ನಮ್ಮ ಆ ಕಂಪ್ಯೂಟರ್ ಅಕ್ಷರವೆಂದೇ ತಿಳಿದಿತ್ತು. ಅಕ್ಷರಗಳು ಸಾಮಾನ್ಯವಾಗಿ ಎಡಕ್ಕೂ ಸಂಖ್ಯೆಗಳು ಬಲಕ್ಕೂ ಸರಿದು ನಿಲ್ಲುತ್ತವೆ. ಹಾಗೇ ಬಿಟ್ಟಿದ್ದರೆ ಕಣ್ಣಿಗಾದರೂ ಬೀಳುತ್ತಿತ್ತು. ನಾನು ಚಂದಕ್ಕೆಂದು ಎಲ್ಲವನ್ನೂ ನಡುವಿಗೆ ಎಳೆದಿದ್ದೆನಲ್ಲ.

ಇಲ್ಲಿ ನನ್ನ ಕೈ ಕೀಬೋರ್ಡಿನ ಮೇಲೆ ನಿಂತಿತು. ಮನಸ್ಸಿನಲ್ಲೇ ಲೆಕ್ಕ ಹಾಕಿದ್ದೆ. ಅಕ್ಕೋರು ಅದನ್ನು ನನಗಿಂತ ಮೊದಲೇ ಹಾಕಿ ಮುಗಿಸಿದ್ದರು.

"ಇಪ್ಪತ್ಮೂರು ವರ್ಷ. ನಲವತ್ತಾರು" ಎಂದರು.

"ಹೌದು. ಇವ್ರನ್ನ ಸರಿ ಮಾಡಿದ್ರೆ ನೀವು ಎರಡನೇರು ಆಗ್ತೀರಿ. ಸಾಗರದ ಶಾಲೆ ಇರೋದು ಒಂದೇ."

"ಗೊತ್ತು."

"ಸೋಮವಾರ ಕೌನ್ಸೆಲಿಂಗ್."

"ಅದೂ ಗೊತ್ತು. ಆ ಮೇಷ್ಟ್ರು ಈಗ ಸಂಕ ದಾಟೂಕೆ ಕಾಲು ಗಟ್ಟಿ ಮಾಡ್ಕೊಳ್ತಾ ಇರ್ತಾರೆ. ಚುಕ್ಕೆ ತೆಗಿ."

ತೆಗೆದೆ. ಜೋಡಿಸಿದೆ. ಅಕ್ಕೋರು ಒಂದು ಸಾಲು ಕೆಳಗಿಳಿದರು. ಸೂಪರಿಂಟೆಂಡೆಂಟರು ತಿದ್ದಿದ ಪಟ್ಟಿಗೆ ಸಹಿ ಹಾಕುವಾಗ ಕೆಮ್ಮಲಿಲ್ಲ. ತಾವೇ ಹೊರಗೆ ಹೋಗಿ ಮೂರು ಟೀ ಹೇಳಿ ಬಂದರು. ಅದು ಆ ಕಚೇರಿಯ ಇತಿಹಾಸದಲ್ಲಿ ಮೊದಲು. ನಾನು ಫಾರ್ಮುಲಾದ ಮೇಲಿನ ಹೊದಿಕೆಯನ್ನು ಕಿತ್ತು ಹಾಕಿ, ಐದು ಗಂಟೆಗೆ ಮುಂಚೆ ಹೊಸ ಪಟ್ಟಿ ಅಂಟಿಸಿದೆ.

ಸೋಮವಾರ ಕೌನ್ಸೆಲಿಂಗ್ ಕೋಣೆಯಲ್ಲಿ ಖಾಲಿ ಶಾಲೆಗಳ ಹೆಸರನ್ನು ಗೋಡೆಯ ಮೇಲೆ ದೊಡ್ಡದಾಗಿ ತೋರಿಸುವುದು ನನ್ನ ಕೆಲಸ. ಆರಿಸಿಕೊಂಡದ್ದನ್ನು ಅಳಿಸುವುದೂ ನನ್ನದೇ. ಘಾಟಿಯ ಮೇಷ್ಟ್ರು ಮೊದಲು ಬಂದರು. ಸಣಕಲು ಮನುಷ್ಯ, ಇಸ್ತ್ರಿ ಹಾಕಿದ ಬಿಳಿ ಅಂಗಿ. ತೀರ್ಥಹಳ್ಳಿ ಪೇಟೆಯ ಒಳ್ಳೆಯ ಶಾಲೆ ಒಂದಿತ್ತು. ಅದನ್ನೇ ಹಿಡಿಯಲಿ ಎಂದು ನಾನು ಊರಿನ ಎಲ್ಲ ದೇವರಿಗೂ ಹೇಳಿಕೊಂಡಿದ್ದೆ. ಮೇಷ್ಟ್ರು ಗೋಡೆಯನ್ನು ಎರಡು ಸಲ ಓದಿದರು.

"ಸಾಗರದ್ದೇ ಕೊಡಿ ಸಾರ್. ನನ್ನ ಹೆಂಡ್ತಿ ಈ ಕಡೆ ಕಾರ್ಗಲ್ ಆಸ್ಪತ್ರೆಲಿ ನರ್ಸು. ಇಷ್ಟು ವರ್ಷ ಅವ್ಳಿಲ್ಲಿ ನಾನಲ್ಲಿ."

ಸಾಗರದ ಸಾಲನ್ನು ಅಳಿಸುವಾಗ ಡಿಲೀಟ್ ಬಟನ್ ಕಲ್ಲಿನಷ್ಟು ಗಟ್ಟಿಯಾಗಿತ್ತು. ಅಕ್ಕೋರ ಕಡೆ ನೋಡುವ ಧೈರ್ಯವಾಗಲಿಲ್ಲ. ಮುಂದಿನ ಹೆಸರು ಅವರದೇ. ಕೊಡೆ ಊರಿಕೊಂಡು ಎದ್ದು ಬಂದು, ಗೋಡೆಯ ಮೇಲೆ ಒಂದು ಹೆಸರಿಗೆ ಬೆರಳಿಟ್ಟರು.

"ತಾಳಗುಪ್ಪ."

ಶಿಕ್ಷಣಾಧಿಕಾರಿ ಸಾಹೇಬರು, "ದಿನಾ ಓಡಾಡ್ಬೇಕಾಗ್ತದಲ್ಲಮ್ಮಾ" ಎಂದರು.

"ಓಡಾಡೂದು ಬಸ್ಸು ಸಾರ್, ನಾನಲ್ಲ. ರಸ್ತೆ ಸಪಾಟು, ಬಸ್ಸಿಂದ ಇಳಿದ್ರೆ ಶಾಲೆ ಗೇಟು. ನಿನ್ನೆ ಹೋಗಿ ನೋಡ್ಕಂಡು ಬಂದೆ. ಒಂದು ಮೆಟ್ಲೂ ಇಲ್ಲ."

ನಾನು ಗೋಡೆ ಬಿಟ್ಟು ಅವರನ್ನು ನೋಡಿದೆ. ನಿನ್ನೆ ಭಾನುವಾರ. ಸಾಗರ ತಪ್ಪುತ್ತದೆಂದು ಎಣಿಸಿ, ಮುಂದಿನದನ್ನು ಕಾಲಿನಲ್ಲೇ ನಡೆದು ಪರೀಕ್ಷೆ ಮಾಡಿ ಬಂದಿದ್ದರು ಹೆಂಗಸು!

ಕೌನ್ಸೆಲಿಂಗ್ ಮುಗಿದ ಮೇಲೆ ಹೊರಗಿನ ಜಗುಲಿಯಲ್ಲಿ ಘಾಟಿಯ ಮೇಷ್ಟ್ರು ಓಡಿ ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. "ನಾ ಮೊದ್ಲ ಪಟ್ಟಿ ನೋಡಿ ಆಸೆನೇ ಬಿಟ್ಟಿದ್ದೆ ಕಣ್ರೀ. ನಾ ಕೇಳ್ದೆನೇ ನೀವಾಗಿ ಹುಡ್ಕಿ ಸರಿ ಮಾಡಿದ್ರಂತೆ. ಎಂಥಾ ಆಫೀಸು ಮಾರಾಯ್ರೆ!" ನಾನು ಬಾಯಿ ತೆರೆದು ಅಕ್ಕೋರ ಕಡೆ ಕೈ ತೋರಿಸಲು ಹೊರಟೆ. ಅವರು ಕಣ್ಣಿನಲ್ಲೇ ಗದರಿದರು. ತೆರೆದ ಬಾಯಿ ಹಾಗೇ ಮುಚ್ಚಿತು. ಮೇಷ್ಟ್ರು ನನ್ನನ್ನು ಬಹಳ ವಿನಯವಂತನೆಂದು ತಿಳಿದು ಇನ್ನೊಮ್ಮೆ ಕೈ ಕುಲುಕಿದರು.

ಬಸ್ ನಿಲ್ದಾಣದವರೆಗೆ ಅಕ್ಕೋರ ಚೀಲ ನಾನೇ ಹೊತ್ತೆ. ದಾರಿಯುದ್ದಕ್ಕೂ ಕ್ಷಮೆ ಕೇಳಲು ಮಾತು ಜೋಡಿಸುತ್ತಿದ್ದೆ. ಅವರು ತಾಳಗುಪ್ಪದ ಶಾಲೆಯ ಒಂದನೇ ಕ್ಲಾಸಿನ ಹೆಂಚು ಒಡೆದಿರುವುದನ್ನೂ ಬೋರ್ಡಿಗೆ ಕಪ್ಪು ಬಳಿಯಬೇಕಾದದ್ದನ್ನೂ ಹೇಳುತ್ತಿದ್ದರು. ಅವತ್ತೇ ಹೊಸ ಶಾಲೆಗೆ ಹಾಜರಾಗಲೆಂದು ತಾಳಗುಪ್ಪದ ಬಸ್ಸು ಹತ್ತಿ, ಕಿಟಕಿಯ ಪಕ್ಕ ಕೂತು, ಮೊಣಕಾಲಿನ ಮೇಲೆ ಚೀಲ ಇಟ್ಟುಕೊಂಡರು.

"ಅಕ್ಕೋರೇ, ಸಾಗರ ತಪ್ಪಿಸಿದ್ದು ನಾನೇ..."

"ಭಾನ್ವಾರ ಎಂತ ಕೆಲ್ಸ ನಿಂಗೆ?"

"ಎಂತದೂ ಇಲ್ಲ."

"ಬಾ ಹಂಗಾರೆ. ಬೆಂಚುಗಳು ಎಲ್ಲ ಒಂದೇ ಕೋಣೆಲಿ ಒಟ್ಟಿ ಇಟ್ಟಿದಾರೆ. ಎತ್ತಿ ಹಾಕೂಕೆ ಜನ ಬೇಕು."

ಬಸ್ಸು ಹೊರಟಿತು. ಭಾನುವಾರ ಹೋದೆ. ಹದಿನೆಂಟು ಬೆಂಚು ಹೊತ್ತೆ, ಒಂದನ್ನು ಕಾಲಿನ ಮೇಲೆ ಹಾಕಿಕೊಂಡೆ. ಅಕ್ಕೋರು ಕುರ್ಚಿಯಲ್ಲಿ ಆರಾಮಾಗಿ ಕೂತು, ಸಾಲು ಸೊಟ್ಟ ಇದೆ ಎಂದು ಎರಡು ಸಲ ಎತ್ತಿಸಿದರು.